ನೇಮ್‌ಪ್ಲೇಟಿನ ಎರಡನೆಯ ಅಂಕಿ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲೂ ಹೇಳುತ್ತಾರೆ, ಕಚೇರಿಯಲ್ಲೂ ಹೇಳುತ್ತಾರೆ. ಎದುರಿಗೆ ಹೇಳುವವರು ಕಡಿಮೆ. ಅದನ್ನು ಎದುರಿಗೇ, ಅದೂ ಫೋನಿನಲ್ಲಿ, ದನಿ ಏರಿಸದೆ ಹೇಳಿದವಳು ಒಬ್ಬಳೇ. ಅವಳ ಕೆಲಸ ಹೋಗಿದ್ದು ನನ್ನ ಬಾಯಿಂದ. ಆ ಸಂಗತಿಯನ್ನು ಬರೆಯದೆ ಬಿಟ್ಟರೆ ನನ್ನ ಸರ್ವಿಸಿನ ಬಗ್ಗೆ ನಾನು ಬರೆದಿಟ್ಟ ಉಳಿದದ್ದಕ್ಕೆ ಬೆಲೆಯಿಲ್ಲ ಅನಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ವಿದ್ಯುತ್ ಇಲಾಖೆಯ ಎಂಜಿನಿಯರ್. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇಷ್ಟರಲ್ಲೇ ವರ್ಗವಾಗುತ್ತ ನನ್ನ ಸರ್ವಿಸು ಮುಗಿಯುತ್ತ ಬಂದಿದೆ. ಈ ಸಂಗತಿ ನಡೆದ ಸಬ್‌ಸ್ಟೇಷನ್ ಈ ಐದರಲ್ಲಿ ಎಲ್ಲಿಯದು ಎಂದು ಹೇಳುವುದಿಲ್ಲ. ರಸ್ತೆಯ ಒಂದು ಬದಿಗೆ ಮೆಕ್ಕೆಜೋಳದ ಹೊಲ, ಇನ್ನೊಂದು ಬದಿಗೆ ನಮ್ಮ ತಂತಿಬೇಲಿ. ಒಳಗೆ ಎರಡು ದೊಡ್ಡ ಟ್ರಾನ್ಸ್‌ಫಾರ್ಮರು. ಒಂದೊಂದರ ಕೆಳಗೆ ನಾಲ್ಕು ನಾಲ್ಕು ಫೀಡರು, ಅಂದರೆ ಊರುಗಳಿಗೂ ಪಂಪ್‌ಸೆಟ್ಟುಗಳಿಗೂ ಹೋಗುವ ಹನ್ನೊಂದು ಸಾವಿರ ವೋಲ್ಟಿನ ಲೈನುಗಳು. ಪ್ರತಿ ಫೀಡರಿಗೂ ಒಂದು ಬ್ರೇಕರು. ಲೈನಿನಲ್ಲಿ ತೊಂದರೆಯಾದರೆ ತಾನಾಗಿ ಬಿಡಿಸಿಕೊಳ್ಳುವುದು, ನಾವು ಹೇಳಿದಾಗ ಮತ್ತೆ ಕೂಡಿಕೊಳ್ಳುವುದು ಅದರ ಕೆಲಸ.

ಎರಡು ಟ್ರಾನ್ಸ್‌ಫಾರ್ಮರುಗಳ ನಡುವೆ ಕಪ್ಲರ್ ಎಂಬ ಇನ್ನೊಂದು ಬ್ರೇಕರು ಇತ್ತು. ಅದು ಸದಾ ತೆರೆದಿರಬೇಕು. ಹಾಕಿದರೆ ಎರಡೂ ಟ್ರಾನ್ಸ್‌ಫಾರ್ಮರುಗಳು ಒಂದೇ ನೊಗಕ್ಕೆ ಬೀಳುತ್ತವೆ. ಆ ಬೇಸಿಗೆಯಲ್ಲಿ ಹಗಲು ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡುವ ಹೊತ್ತಿನಲ್ಲಿ ಒಂದನೇ ಟ್ರಾನ್ಸ್‌ಫಾರ್ಮರು ಕುದಿಯುತ್ತಿತ್ತು, ಎರಡನೆಯದು ತಣ್ಣಗೆ ಕೂತಿರುತ್ತಿತ್ತು. ಕಪ್ಲರ್ ಹಾಕಿದರೆ ಇಬ್ಬರೂ ಭಾರ ಹಂಚಿಕೊಳ್ಳುತ್ತಾರೆ, ಯಾವ ಊರಿಗೂ ಕರೆಂಟು ತೆಗೆಯಬೇಕಾಗಿಲ್ಲ. ಆ ಬುದ್ಧಿವಂತಿಕೆ ನನ್ನದು. ಪಂಪಿನ ಹೊತ್ತಿನಲ್ಲಿ ಕಪ್ಲರ್ ಹಾಕಿಡಬೇಕು ಎಂದು ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿದೆ.

ಕುರುಡಾಗಿ ಹಾಕಿರಲಿಲ್ಲ, ಲೆಕ್ಕ ಮಾಡಿದ್ದೆ. ಒಂದೇ ಟ್ರಾನ್ಸ್‌ಫಾರ್ಮರು ಇದ್ದಾಗ ಸ್ಟೇಷನ್ನಿನ ಬುಡದಲ್ಲೇ ಶಾರ್ಟ್ ಆದರೆ ಒಂಬತ್ತೂವರೆ ಸಾವಿರ ಆಂಪಿಯರ್ ಹರಿಯುತ್ತದೆ. ಎರಡೂ ಕೂಡಿದರೆ ಹದಿನೆಂಟು ಸಾವಿರದ ನೂರು. ನಮ್ಮ ಬ್ರೇಕರುಗಳು ಹಳೆಯವು, ಅವುಗಳ ನೇಮ್‌ಪ್ಲೇಟಿನಲ್ಲಿ ಬ್ರೇಕಿಂಗ್ ಕೆಪಾಸಿಟಿ ಹದಿನೆಂಟು ಸಾವಿರದ ನಾನೂರು ಎಂದಿದೆ. ಅಂದರೆ ಅಷ್ಟು ಕರೆಂಟು ಹರಿಯುತ್ತಿದ್ದರೂ ಅದು ಬಿಡಿಸಬಲ್ಲದು. ಮುನ್ನೂರು ಉಳಿಯಿತಲ್ಲ, ಸಾಕು ಎಂದುಕೊಂಡೆ. ಆ ಅಂಕಿಯ ಕೆಳಗೆ ಇನ್ನೊಂದು ಅಂಕಿ ಇತ್ತು, ಮೇಕಿಂಗ್ ಕೆಪಾಸಿಟಿ, ನಲವತ್ತಾರು ಸಾವಿರ. ಅದನ್ನು ನೋಡಿದೆ. ನಲವತ್ತಾರು ಎಂದರೆ ಹದಿನೆಂಟಕ್ಕಿಂತ ಎಷ್ಟೋ ದೊಡ್ಡದು, ಅದರ ಚಿಂತೆ ಏಕೆ ಎಂದು ಕಣ್ಣು ಮುಂದಕ್ಕೆ ಹೋಯಿತು. ಮೂವತ್ತು ವರ್ಷದ ಅನುಭವದ ಕಣ್ಣು!

ಅವಳು ಹಡಗಲಿ ತಾಲೂಕಿನ ಮಾಗಳದವಳು. ಕೂಲಿ ಮಾಡಿ ಬದುಕಿದ ಮನೆಯಲ್ಲಿ ಡಿಪ್ಲೊಮಾ ಮಾಡಿದ ಮೊದಲ ಜೀವ. ಗುತ್ತಿಗೆಯ ಆಪರೇಟರ್, ಅಂದರೆ ಸಂಬಳ ಕೊಡುವವನು ಗುತ್ತಿಗೆದಾರ, ಬೈಯುವವನು ನಾನು. ಮೂರು ವರ್ಷದಿಂದ ಅಲ್ಲಿದ್ದಳು. ಅಕ್ಷರ ದುಂಡಗೆ ಬರೆಯುತ್ತಿದ್ದಳು, ಅದೂ ನನಗೆ ಕಿರಿಕಿರಿಯೇ. ಉಳಿದವರು ಲಾಗ್‌ಬುಕ್ಕಿನಲ್ಲಿ ಒಂದು ಸಾಲು ಗೀಚಿ ಕೈ ತೊಳೆದುಕೊಂಡರೆ ಇವಳು ಮೂರು ಸಾಲು ಬರೆಯುವಳು. ಅದರಲ್ಲಿ ಒಂದು ಸಾಲು ಎರಡು ತಿಂಗಳಿಂದ ಮತ್ತೆ ಮತ್ತೆ ಬರುತ್ತಿತ್ತು: ಮೂರನೇ ಫೀಡರಿನ ಬ್ರೇಕರು ಕೂಡುವಾಗ ನಿಧಾನ, ಶಬ್ದ ಮೊದಲಿನಂತಿಲ್ಲ, ಸ್ಪ್ರಿಂಗ್ ನೋಡಬೇಕು.

ಬ್ರೇಕರಿನ ಒಳಗೆ ಒಂದು ದಪ್ಪ ಸ್ಪ್ರಿಂಗ್ ಇರುತ್ತದೆ. ಸಣ್ಣ ಮೋಟರು ಅದನ್ನು ಎಳೆದು ಬಿಗಿ ಮಾಡಿಡುತ್ತದೆ. ಪ್ಯಾನೆಲ್ಲಿನ ಮುಂದೆ ನಿಂತು ಹಿಡಿಕೆ ತಿರುಗಿಸಿದರೆ ಸ್ಪ್ರಿಂಗ್ ಬಿಚ್ಚಿ ಕಾಂಟ್ಯಾಕ್ಟುಗಳನ್ನು ಠಪ್ ಎಂದು ಬಡಿದು ಕೂಡಿಸುತ್ತದೆ. ಮೂರನೇ ಫೀಡರಿನದು ಠಪ್ ಅನ್ನುವುದಿಲ್ಲ, ಧೊಪ್ ಅನ್ನುತ್ತದೆ ಎಂದು ಅವಳು ಒಮ್ಮೆ ನನಗೆ ಹೇಳಿದ್ದಳು. ಸಂಗೀತಕ್ಕೆ ಹೋಗಬೇಕಿತ್ತು ನೀನು ಎಂದು ನಾನು ನಕ್ಕಿದ್ದೆ. ಬ್ರೇಕರು ಕೂಡುತ್ತಿದೆ, ಬಿಡಿಸುತ್ತಿದೆ, ಮತ್ತೇನು ಬೇಕು? ಆದರೂ ಸ್ಪ್ರಿಂಗಿನ ಸೆಟ್ಟಿಗೆ ಒಂದು ಬೇಡಿಕೆಪತ್ರ ಕಳಿಸಿದೆ. ಪತ್ರ ಹೋಯಿತು, ಸ್ಪ್ರಿಂಗ್ ಬರಲಿಲ್ಲ, ನಾನು ಕೇಳಲೂ ಇಲ್ಲ.

ಇನ್ನು ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಫೀಡರು ಟ್ರಿಪ್ಪಾದರೆ, ಅಂದರೆ ಬ್ರೇಕರು ತಾನಾಗಿ ಬಿಡಿಸಿಕೊಂಡರೆ, ನಾವು ಮೊದಲು ಲೈನು ನೋಡಲು ಜನರನ್ನು ಕಳಿಸುವುದಿಲ್ಲ, ಟ್ರಯಲ್ ಕೊಡುತ್ತೇವೆ. ಎರಡು ನಿಮಿಷ ಬಿಟ್ಟು ಬ್ರೇಕರು ಹಾಕಿ ನೋಡುವುದು. ನಿಂತರೆ ಆಯಿತು, ಯಾವುದೋ ಟೊಂಗೆ ತಾಗಿ ಬಿದ್ದುಹೋಗಿರುತ್ತದೆ. ನಿಲ್ಲದಿದ್ದರೆ ಇನ್ನೊಂದು ಟ್ರಯಲ್. ಅದೂ ಆಗದಿದ್ದರೆ ಲೈನ್‌ಮ್ಯಾನು ಬೈಕು ಹತ್ತುತ್ತಾನೆ. ಹತ್ತರಲ್ಲಿ ಏಳೆಂಟು ಸಲ ನಿಲ್ಲುತ್ತದೆ, ಹಾಗಾಗಿ ಯಾರೂ ಇದನ್ನು ತಪ್ಪು ಎನ್ನುವುದಿಲ್ಲ. ನನ್ನ ಮೇಲಿನವರು ನನಗೆ ಹೀಗೆ ಕಲಿಸಿದರು, ನಾನು ಕೆಳಗಿನವರಿಗೆ ಕಲಿಸಿದೆ.

ಅವತ್ತು ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ, ಫೋನು ಬಂತು. ಮೂರನೇ ಫೀಡರು ಟ್ರಿಪ್ಪಾಗಿದೆ ಎಂದಳು. ಆ ಫೀಡರಿನಲ್ಲಿ ಕುಡಿಯುವ ನೀರಿನ ಪಂಪ್‌ಹೌಸು ಇತ್ತು, ಇಪ್ಪತ್ತು ಹಳ್ಳಿಯ ನೀರು. ಟ್ರಯಲ್ ಕೊಡು, ಅದಕ್ಕೆ ನನ್ನನ್ನೇನು ಕೇಳುವುದು ಎಂದೆ. ಅವಳು ಫೋನು ಇಡಲಿಲ್ಲ. ರಿಲೇ ಹದಿನೇಳೂವರೆ ಸಾವಿರ ತೋರಿಸುತ್ತಿದೆ, ಮೂರೂ ಫೇಸಿನಲ್ಲಿ ಎಂದಳು. ರಿಲೇ ಎಂದರೆ ಟ್ರಿಪ್ಪಾದಾಗ ಎಷ್ಟು ಕರೆಂಟು ಹರಿಯಿತೆಂದು ಬರೆದಿಡುವ ಪೆಟ್ಟಿಗೆ. ಅಷ್ಟು ಕರೆಂಟು ಎಂದರೆ ಶಾರ್ಟ್ ಎಲ್ಲೋ ದೂರದ ಹೊಲದಲ್ಲಿ ಅಲ್ಲ, ಸ್ಟೇಷನ್ನಿನ ಬೇಲಿಯ ಆಸುಪಾಸಿನಲ್ಲೇ ಆಗಿದೆ. ಅಷ್ಟು ನನಗೂ ತಿಳಿಯಿತು. ಆದರೆ ಅಷ್ಟರಲ್ಲಿ ಇನ್ನೊಂದು ಫೋನು ಕುಯ್‌ಗುಡುತ್ತಿತ್ತು, ಪಂಪ್‌ಹೌಸಿನವರದು.

ಬ್ರೇಕರು ಅಷ್ಟನ್ನೂ ಬಿಡಿಸಿ ತೋರಿಸಿದೆಯಲ್ಲ, ಇನ್ನೊಮ್ಮೆಯೂ ಬಿಡಿಸುತ್ತದೆ, ಹಾಕು ಎಂದೆ. ನನ್ನ ತರ್ಕ ನನಗೆ ಬಹಳ ಚೆಂದ ಕಂಡಿತ್ತು.

"ಬಿಡಸೋದು ಬ್ಯಾರೆ, ಕೂಡಸೋದು ಬ್ಯಾರೆ ಐತ್ರಿ ಸರ್," ಎಂದಳು. "ಕಪ್ಲರ್ ತಗದು ಹಾಕ್ತೀನ್ರಿ. ಎರಡೂ ಟ್ರಾನ್ಸ್‌ಫಾರ್ಮರ್ ಇಟ್ಕೊಂಡು ನಾ ಹಾಕಂಗಿಲ್ಲ."

ಕಪ್ಲರ್ ತೆಗೆದರೆ ಒಂದನೇ ಟ್ರಾನ್ಸ್‌ಫಾರ್ಮರಿನ ಭಾರ ತಡೆಯಲು ಇನ್ನೊಂದು ಪಂಪಿನ ಫೀಡರನ್ನು ಅರ್ಧ ಗಂಟೆ ಬಂದ್ ಮಾಡಬೇಕು. ಆಗ ಆ ಕಡೆಯ ಫೋನುಗಳೂ ಶುರುವಾಗುತ್ತವೆ. ನನ್ನ ದನಿ ಏರಿತು. ನಾನು ಎಂಜಿನಿಯರೋ ನೀನು ಎಂಜಿನಿಯರೋ ಎಂದು ಕೇಳಿದೆ. ಅದಕ್ಕಿಂತ ಕೀಳಾದ ಮಾತೂ ಒಂದೆರಡು ಬಂದವು, ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅವಳು ಎಲ್ಲ ಕೇಳಿಸಿಕೊಂಡಳು.

"ಸರ್, ನಿಮಗ ಸಿಟ್ಟು ಬಂದೈತಿ. ಸಿಟ್ಟಿನ್ಯಾಗ ಹೇಳಿದ್ದು ನಾ ಮಾಡಂಗಿಲ್ರಿ. ಪ್ಯಾನೆಲ್ ಮುಂದ ನಿಂದ್ರಾಕಿ ನಾನು," ಎಂದು ಫೋನು ಇಟ್ಟಳು.

ನಾನು ಜೀಪು ಹತ್ತಿ ಹೋಗುವಷ್ಟರಲ್ಲಿ ಅವಳು ಲೈನ್‌ಮ್ಯಾನನ್ನು ಕರೆದು ಬೇಲಿಯ ಹೊರಗಿನ ಮೊದಲ ಜೋಡಿ ಕಂಬದ ಹತ್ತಿರ ಕಳಿಸಿದ್ದಳು. ಬ್ರೇಕರಿನಿಂದ ಆ ಕಂಬದವರೆಗೆ ನೆಲದಡಿ ಕೇಬಲ್ಲು, ಕಂಬದ ಮೇಲೆ ಅದರ ಮೂರು ತುದಿಗಳ ಪೆಟ್ಟಿಗೆ. ಆ ಪೆಟ್ಟಿಗೆ ಸುಟ್ಟು ಕರಕಲಾಗಿ ಮೂರೂ ತುದಿಗಳು ಒಂದೇ ಮುದ್ದೆಯಾಗಿದ್ದವು. ಅವನ್ನು ಕತ್ತರಿಸಿ ಸರಿಪಡಿಸುವವರೆಗೆ ಎಷ್ಟು ಟ್ರಯಲ್ ಕೊಟ್ಟಿದ್ದರೂ ನಿಲ್ಲುತ್ತಿರಲಿಲ್ಲ. ಇದನ್ನು ಕಣ್ಣಾರೆ ಕಂಡ ಮೇಲಾದರೂ ನನ್ನ ಸಿಟ್ಟು ಇಳಿಯಬೇಕಿತ್ತು, ಇನ್ನೂ ಏರಿತು. ಇವಳು ಸರಿ ಎಂದಾದರೆ ನಾನು ಏನು? ಲಾಗ್‌ಬುಕ್ ತೆಗೆದೆ. ಅವಳು ದುಂಡಗೆ ಬರೆದಿದ್ದಳು: ಬ್ರೇಕರ್ ಹಾಕಲು ಆದೇಶ ಬಂದಿದೆ, ಹಾಕಿಲ್ಲ, ಕಾರಣ ಕಪ್ಲರ್ ಕೂಡಿದೆ, ಮೇಕಿಂಗ್ ಕೆಪಾಸಿಟಿ ಸಾಲುವುದಿಲ್ಲ, ಸ್ಪ್ರಿಂಗ್ ದುರ್ಬಲ. ಅದರ ಕೆಳಗೆ ನಾನು ಕೆಂಪು ಶಾಯಿಯಲ್ಲಿ ಬರೆದೆ: ಆಪರೇಟರ್ ಮೇಲಧಿಕಾರಿಯ ಆದೇಶ ಪಾಲಿಸಿಲ್ಲ. ಹೊರಗೆ ಬಂದು ಗುತ್ತಿಗೆದಾರನಿಗೆ ಫೋನು ಮಾಡಿ ನಾಳೆಯಿಂದ ಇವಳು ಬೇಡ ಎಂದೆ. ಅವನು ಏಕೆ ಎಂದೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಕಚೇರಿಗೆ ಬೇಗ ಹೋಗಿ ಬಾಗಿಲು ಹಾಕಿಕೊಂಡು ಕೂತೆ. ಮೇಕಿಂಗ್ ಕೆಪಾಸಿಟಿ ಸಾಲುವುದಿಲ್ಲ ಎಂದು ಬರೆದಿದ್ದಾಳಲ್ಲ, ಸಾಲುತ್ತದೆ ಎಂದು ಲೆಕ್ಕ ಮಾಡಿ ತೋರಿಸಿ ಅವಳ ಬಾಯಿ ಮುಚ್ಚಿಸಬೇಕು ಎಂಬುದೇ ನನ್ನ ಉದ್ದೇಶ. ಪೆನ್ಸಿಲು ಹಿಡಿದು ಅರ್ಧ ಹಾಳೆ ತುಂಬುವ ಹೊತ್ತಿಗೆ ನನ್ನ ಬಾಯಿ ಮುಚ್ಚಿತು.

ಹದಿನೆಂಟು ಸಾವಿರ ಎಂಬುದು ಅಲೆ ನೆಲೆಗೊಂಡ ಮೇಲಿನ ಕರೆಂಟು. ಶಾರ್ಟ್ ಆದ ಮೊದಲ ಆವರ್ತದಲ್ಲಿ ಕರೆಂಟು ಹಾಗಿರುವುದಿಲ್ಲ. ತುಂಬಿದ ಕೊಡ ಹೊತ್ತು ಒಮ್ಮೆಲೇ ಹೆಜ್ಜೆ ಕಿತ್ತರೆ ನೀರು ಮೊದಲು ಒಂದೇ ಕಡೆಗೆ ಏರಿ ಹೊಡೆಯುತ್ತದೆ, ನಾಲ್ಕು ಹೆಜ್ಜೆ ಆದ ಮೇಲೆ ಸಮಕ್ಕೆ ಬರುತ್ತದೆ. ಕರೆಂಟೂ ಹಾಗೆಯೇ. ಅದು ಸೊನ್ನೆಯಿಂದಲೇ ಶುರುವಾಗಬೇಕು. ವೋಲ್ಟೇಜು ಸೊನ್ನೆ ದಾಟುವ ಗಳಿಗೆಗೆ ಸರಿಯಾಗಿ ಕಾಂಟ್ಯಾಕ್ಟು ಕೂಡಿತೋ, ಇಡೀ ಅಲೆ ಒಂದು ಬದಿಗೆ ಸರಿದುಬಿಡುತ್ತದೆ. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಮೊದಲ ತುದಿ ಏರುತ್ತದೆ, ಆ ತುದಿ ಇರಬೇಕಾದ್ದಕ್ಕಿಂತ ಎರಡು ಪಟ್ಟಿನ ಹತ್ತಿರ. ಆಮೇಲೆ ಕೆಲವು ಆವರ್ತಗಳಲ್ಲಿ ಇಳಿದು ಸಮವಾಗುತ್ತದೆ. ನಾವು ಡಿಪ್ಲೊಮಾದಲ್ಲೂ ಓದಿದ್ದು, ಪದವಿಯಲ್ಲೂ ಓದಿದ್ದು. ಮೂರು ಫೇಸಿನ ಲೈನಿನಲ್ಲಿ ನಾವು ಯಾವ ಗಳಿಗೆಯಲ್ಲಿ ಹಾಕಿದರೂ ಮೂರರಲ್ಲಿ ಒಂದಾದರೂ ಆ ಕೆಟ್ಟ ಗಳಿಗೆಯ ಹತ್ತಿರ ಇದ್ದೇ ಇರುತ್ತದೆ.

ಬ್ರೇಕರು ಬಿಡಿಸುವಾಗ ಆ ಮೊದಲ ಏಟು ಕಳೆದುಹೋಗಿರುತ್ತದೆ. ರಿಲೇ ಗುರುತಿಸಿ, ಕಾಂಟ್ಯಾಕ್ಟು ಬೇರೆಯಾಗುವಷ್ಟರಲ್ಲಿ ನಾಲ್ಕೈದು ಆವರ್ತ ಆಗಿ ಅಲೆ ಬಹುಪಾಲು ಸಮಕ್ಕೆ ಬಂದಿರುತ್ತದೆ. ಆ ಏಟು ಬೀಳುವ ಹೊತ್ತಿಗೆ ಕಾಂಟ್ಯಾಕ್ಟುಗಳು ಗಟ್ಟಿಯಾಗಿ ಒತ್ತಿ ಕೂತಿರುತ್ತವೆ ಬೇರೆ. ಆದರೆ ಶಾರ್ಟಿನ ಮೇಲೆ ಹೋಗಿ ಕೂಡುವಾಗ ಆ ಮೊದಲ ತುದಿ ನೇರ ಅದರ ಮುಖಕ್ಕೆ. ಕಾಂಟ್ಯಾಕ್ಟುಗಳು ಇನ್ನೂ ತಾಗುತ್ತಿವೆ, ತಾಗಿದ ಚಿಕ್ಕ ಚುಕ್ಕೆಯಲ್ಲೇ ಅಷ್ಟೂ ಕರೆಂಟು ನುಗ್ಗುತ್ತದೆ, ಆ ಕರೆಂಟೇ ಎರಡನ್ನೂ ಹಿಂದಕ್ಕೆ ತಳ್ಳುತ್ತದೆ. ಕರೆಂಟು ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ಆ ಬಲವನ್ನು ಮೀರಿ ಒತ್ತಿ ಕೂಡಿಸಬೇಕಾದ್ದು ಸ್ಪ್ರಿಂಗ್. ಮೇಕಿಂಗ್ ಕೆಪಾಸಿಟಿ ಎಂದರೆ ಇದೇ. ಹಾಗಾಗಿ ಅದನ್ನು ಮೊದಲ ತುದಿಯ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ನಲವತ್ತಾರನ್ನು ಹದಿನೆಂಟರ ಪಕ್ಕ ಇಟ್ಟು ನೋಡುವಂತೆಯೇ ಇಲ್ಲ.

ಹದಿನೆಂಟು ಸಾವಿರದ ನೂರು ಎಂಬುದು ಅಲೆಯ ಸರಾಸರಿಯಂಥ ಅಂಕಿ, ಸಮವಾದ ಅಲೆಯ ತುದಿಯೇ ಅದರ ಹೆಚ್ಚುಕಡಿಮೆ ಒಂದೂವರೆ ಪಟ್ಟು, ಹಾಗಾಗಿ ಮೊದಲ ತುದಿಗೆ ಅದರ ಎರಡೂವರೆ ಪಟ್ಟು ಎಂದು ಪುಸ್ತಕದ ರೂಢಿ. ಹಾಗೆ ಮಾಡಿದೆ, ನಲವತ್ತೈದು ಸಾವಿರದ ಇನ್ನೂರೈವತ್ತು ಬಂತು. ನಲವತ್ತಾರರ ಒಳಗೆ! ಬದುಕಿದೆ ಅಂದುಕೊಂಡೆ. ಆಮೇಲೆ ಕೈ ನಿಂತಿತು. ಎರಡೂವರೆ ಎಂಬುದು ಸಾಧಾರಣ ಜಾಗಕ್ಕೆ. ದೊಡ್ಡ ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ, ರೆಸಿಸ್ಟೆನ್ಸ್ ತೀರಾ ಕಡಿಮೆ ಇದ್ದಲ್ಲಿ, ಅಲೆ ಒಂದು ಬದಿಗೆ ಸರಿದ ಆ ಓರೆ ಬೇಗ ಇಳಿಯುವುದಿಲ್ಲ, ಮೊದಲ ತುದಿ ಇನ್ನೂ ಮೇಲೆ ಹೋಗುತ್ತದೆ. ನಮ್ಮ ಟ್ರಾನ್ಸ್‌ಫಾರ್ಮರುಗಳ ಅಂಕಿ ಹಾಕಿ ಮತ್ತೆ ಮಾಡಿದೆ. ನಲವತ್ತೇಳು ಸಾವಿರದ ಎಂಟುನೂರರ ಹತ್ತಿರ ಬಂತು. ರಿಲೇ ತೋರಿಸಿದ ಹದಿನೇಳೂವರೆಯನ್ನೇ ಹಿಡಿದರೂ ನಲವತ್ತಾರು ದಾಟುತ್ತಿತ್ತು. ಹೊಸ ಬ್ರೇಕರಿಗೇ ಅದು ಮೀರಿದ ಮಾತು. ನಮ್ಮದು ಧೊಪ್ ಎನ್ನುವ ಬ್ರೇಕರು.

ಹಾಕಿದ್ದರೆ ಏನಾಗುತ್ತಿತ್ತು? ಕಾಂಟ್ಯಾಕ್ಟು ಪೂರ್ತಿ ಕೂಡದೆ ನಡುವೆ ತಡವರಿಸಿ, ಉರಿದು, ಕರಗಿ ಬೆಸೆದುಹೋಗಬಹುದಿತ್ತು. ಬೆಸೆದ ಮೇಲೆ ಎಷ್ಟು ಬ್ರೇಕಿಂಗ್ ಕೆಪಾಸಿಟಿ ಇದ್ದರೇನು, ಅದು ಬಿಡಿಸಲಾರದು. ಟ್ರಾನ್ಸ್‌ಫಾರ್ಮರುಗಳ ಬಳಿಯ ಬ್ರೇಕರುಗಳು ಬಿಡಿಸುವವರೆಗೆ ಎರಡೂ ಟ್ರಾನ್ಸ್‌ಫಾರ್ಮರು ಈ ಬ್ರೇಕರಿನ ಪೆಟ್ಟಿಗೆಯೊಳಗೇ ಕರೆಂಟು ಸುರಿಯುತ್ತವೆ. ಪೆಟ್ಟಿಗೆ ಸಿಡಿಯಬಹುದು. ಹಿಡಿಕೆ ಇರುವುದು ಆ ಪೆಟ್ಟಿಗೆಯ ಬಾಗಿಲಿನ ಮೇಲೆ. ಅದರ ಮುಂದೆ ಒಂದು ಮೊಳ ದೂರದಲ್ಲಿ ಅವಳು ನಿಂತಿರುತ್ತಿದ್ದಳು, ನಾನು ಊಟ ಮಾಡಿದ ಕೈ ಒರೆಸಿಕೊಳ್ಳುತ್ತ ಹಾಕು ಎನ್ನುತ್ತಿದ್ದೆ. ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಲೆಕ್ಕದ ಹಾಳೆ ಹಿಡಿದು ನನ್ನ ಮೇಲಧಿಕಾರಿಯ ಬಳಿ ಹೋದೆ. ನಿವೃತ್ತಿಗೆ ಎರಡು ವರ್ಷ ಇದ್ದವರು, ಕೆಟ್ಟವರಲ್ಲ. ಪೂರ್ತಿ ಓದಿದರು. ಲೆಕ್ಕ ಸರಿಯಿದೆ ಎಂದರು. ಆಮೇಲೆ ಕನ್ನಡಕ ತೆಗೆದು ಕೇಳಿದರು: "ಏನೂ ಆಗಿಲ್ಲಲ್ಲಪ್ಪಾ, ಏನಂತ ಬರೀತಿ?"

ಅದೇ ತೊಡಕು. ಬ್ರೇಕರು ಸಿಡಿದಿದ್ದರೆ ವಿಚಾರಣೆ, ವರದಿ, ಎಲ್ಲ ಆಗುತ್ತಿತ್ತು. ಸಿಡಿಯದ ಬ್ರೇಕರಿಗೆ ವರದಿ ಇಲ್ಲ. ಅವಳು ಸರಿ ಎಂದು ಬರೆದರೆ, ಕಪ್ಲರ್ ಹಾಕಿಡಲು ಆದೇಶ ಕೊಟ್ಟವನು ಯಾರು, ಎರಡು ತಿಂಗಳ ದೂರು ನೋಡದವನು ಯಾರು ಎಂದು ಕೇಳುತ್ತಾರೆ. ಇನ್ನು ಮುಂದೆ ಕಪ್ಲರ್ ತೆರೆದಿಡಲು ಹೇಳು, ಹಳೆಯದನ್ನು ಕೆದಕಬೇಡ ಎಂದು ಅವರು ನನ್ನ ಒಳ್ಳೆಯದಕ್ಕೇ ಹೇಳಿದರು. ನನಗೂ ಅದೇ ಬೇಕಿತ್ತು. ಕಪ್ಲರನ್ನು ಸಾಧ್ಯವಾದಷ್ಟು ತೆರೆದಿಡಬೇಕು ಎಂದು ಬರೆದು ಕಳಿಸಿದೆ. ಸಾಧ್ಯವಾದಷ್ಟು ಎಂಬ ಆ ಪದವನ್ನು ಸೇರಿಸಿದ್ದು ನಾನೇ. ಅದಿಲ್ಲದೆ ಬರೆದಿದ್ದರೆ ಹಳೆಯ ಆದೇಶ ತಪ್ಪು ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು.

ಗುತ್ತಿಗೆದಾರ ಆಗಲೇ ಬೇರೆಯವನನ್ನು ಹಾಕಿದ್ದ. ವಾಪಸು ತೆಗೆದುಕೋ ಎಂದರೆ ಜಾಗ ತುಂಬಿದೆ ಎಂದ. ಹತ್ತು ದಿನ ನುಂಗಿಕೊಂಡಿದ್ದೆ. ಆಮೇಲೆ ಒಂದು ಭಾನುವಾರ ಬೈಕಿನಲ್ಲಿ ಮಾಗಳಕ್ಕೆ ಹೋದೆ. ಅವರ ಮನೆ ಹೊಳೆಗೆ ಹೋಗುವ ದಾರಿಯಲ್ಲಿತ್ತು. ಅವಳ ತಾಯಿ ಚಾಪೆ ಹಾಸಿ, ಸಾಹೇಬರು ಬಂದರು ಎಂದು ಗಡಿಬಿಡಿಯಿಂದ ಚಹಾಕ್ಕೆ ಇಟ್ಟರು. ಮಗಳ ಕೆಲಸ ಹೋಗಿದ್ದು ಈ ಸಾಹೇಬರಿಂದಲೇ ಎಂದು ಅವಳು ತಾಯಿಗೆ ಹೇಳಿರಲಿಲ್ಲ ಅಂತ ಕಾಣುತ್ತದೆ.

ನಾನು ಲೆಕ್ಕ ಮಾಡಿದ್ದು, ನಲವತ್ತೇಳು ಬಂದಿದ್ದು ಎಲ್ಲ ಹೇಳಿದೆ. ನೀವು ಸರಿ, ನಾನು ತಪ್ಪು ಎಂದೆ. ಮೂರು ವರ್ಷದಲ್ಲಿ ಅವಳಿಗೆ ನೀವು ಎಂದಿದ್ದು ಅದೇ ಮೊದಲು. ಅವಳಿಗೆ ಖುಷಿಯಾದಂತೆ ಕಾಣಲಿಲ್ಲ. ತಾನು ಅಷ್ಟು ಲೆಕ್ಕ ಮಾಡಿರಲಿಲ್ಲ, ಎರಡು ಟ್ರಾನ್ಸ್‌ಫಾರ್ಮರು, ಹತ್ತಿರದ ಶಾರ್ಟು, ಸೋತ ಸ್ಪ್ರಿಂಗು, ಮೂರೂ ಒಂದೇ ದಿನ ಕೂಡಿದ್ದಕ್ಕೆ ಕೈ ಬರಲಿಲ್ಲ ಅಷ್ಟೇ ಎಂದಳು. ಕೂಡ್ಲಿಗಿ ಕಡೆಯ ಗಾಳಿಯಂತ್ರದ ಕಂಪನಿಯೊಂದರ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಕೆಲಸ ಇದೆಯಂತೆ, ಅನುಭವದ ಪತ್ರ ಕೇಳಿದ್ದಾರಂತೆ. ಗುತ್ತಿಗೆದಾರ ಲಾಗ್‌ಬುಕ್ಕಿನ ಕೆಂಪು ಸಾಲು ತೋರಿಸಿ ಪತ್ರ ಕೊಡುವುದಿಲ್ಲ ಎಂದಿದ್ದ. ತಿಂಗಳ ಕೊನೆಯವರೆಗೆ ಸಮಯವಿತ್ತು.

"ಇಲ್ಲಿ ಬಂದು ನಂಗ ಹೇಳಿದ್ರ ಏನ್ ಬಂತ್ರಿ ಸರ್," ಎಂದಳು. "ಕೆಂಪು ಪೆನ್ನೀಲೆ ಬರದದ್ದು ಬುಕ್ಕಿನ್ಯಾಗ ಐತಿ. ಇದನ್ನೂ ಅಲ್ಲೇ ಬರೀರಿ."

ಬರೆಯುತ್ತೇನೆ ಎಂದೆ. ಹೊರಡುವಾಗ ಖಂಡಿತ ಬರೆಯುತ್ತೇನೆ ಎಂದು ಇನ್ನೊಮ್ಮೆ ಹೇಳಿದೆ. ಎರಡು ಸಲ ಹೇಳಿದಾಗಲೇ ಅವಳಿಗೆ ಅನುಮಾನ ಬಂದಿರಬೇಕು. ಸೋಮವಾರ ಹೋಗಿ ಪುಸ್ತಕ ತೆಗೆದೆ, ಪೆನ್ನು ಹಿಡಿದೆ, ಹೊಸ ಆಪರೇಟರು ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಮುಚ್ಚಿಟ್ಟು ಬಂದೆ. ಮಂಗಳವಾರ ಮೀಟಿಂಗು. ಬುಧವಾರ ಇನ್ನೇನೋ. ಒಂದು ಪುಟ ಹಿಂದಕ್ಕೆ ತಿರುಗಿಸಿ ಎರಡು ಸಾಲು ಬರೆಯಲು ಇಷ್ಟು ಧೈರ್ಯ ಬೇಕೆಂದು ನನಗೆ ಗೊತ್ತಿರಲಿಲ್ಲ.

ಹೊಸ ಆಪರೇಟರು ಬಹಳ ವಿನಯದ ಮನುಷ್ಯ. ನನಗಿಂತ ನಾಲ್ಕೈದು ವರ್ಷ ಚಿಕ್ಕವನು, ಏನು ಹೇಳಿದರೂ ಆತ್ರಿ ಸರ್ ಎನ್ನುವನು. ಇಂಥವನು ಮೊದಲೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮೊದಲ ದಿನ ಅಂದುಕೊಂಡಿದ್ದೆ. ಗುರುವಾರ ಮಧ್ಯಾಹ್ನ ಅವನ ಫೋನು ಬಂತು. ಮೂರನೇ ಫೀಡರು ಟ್ರಿಪ್ಪಾಗಿತ್ತು ಎಂದ. ರಿಲೇ ಎಷ್ಟು ತೋರಿಸುತ್ತಿದೆ ಎಂದು ಕೇಳಿದೆ, ನೋಡಿಲ್ಲ ಎಂದ. ಕಪ್ಲರ್ ತೆರೆದಿದೆಯಾ ಎಂದೆ. ಲೋಡು ಜಾಸ್ತಿ ಇತ್ತು, ತೆರೆದಿಡುವುದು ಸಾಧ್ಯ ಆಗಲಿಲ್ಲ, ಹಾಕಿದೆ ಎಂದ. ನನ್ನದೇ ಪದವನ್ನು ನನಗೆ ಒಪ್ಪಿಸುತ್ತಿದ್ದ. ತಡಿ, ಹಿಡಿಕೆ ಮುಟ್ಟಬೇಡ ಎಂದು ಕೂಗಿದೆ.

"ಆಗ್ಲೇ ಹಾಕೀನ್ರಿ ಸರ್," ಎಂದ, ಶಾಬಾಷ್ ಅನ್ನುತ್ತೇನೆ ಎಂದು ಕಾಯುವವನ ಹಾಗೆ. "ನಿಂತೈತ್ರಿ. ನಿಮಗ ಕೇಳಿದ್ರ ಸಿಟ್ಟಿಗೇಳ್ತೀರಿ ಅಂತ ಎಲ್ಲಾರೂ ಹೇಳಿದ್ರು, ಅದಕ್ಕ ಕೇಳಲಿಲ್ರಿ."

ಏನೂ ಆಗಲಿಲ್ಲ. ಯಾವುದೋ ಟೊಂಗೆಯೋ ಹಕ್ಕಿಯೋ ದೂರದಲ್ಲಿ ತಾಗಿ ಬಿದ್ದುಹೋಗಿತ್ತು, ಫೀಡರು ನಿಂತಿತ್ತು. ಹಾಕುವುದಿಲ್ಲ ಎನ್ನುವವಳನ್ನು ನಾನು ಕಳಿಸಿದ್ದೆ. ಕೇಳದೆಯೇ ಹಾಕುವವನು ಉಳಿದಿದ್ದ, ಅವನೂ ಆ ಬಾಗಿಲಿಗೆ ಒಂದು ಮೊಳ ದೂರದಲ್ಲೇ ನಿಂತಿದ್ದ. ಅವನ ಮೇಲೆ ಸಿಟ್ಟು ಮಾಡಲು ನನಗೆ ಯಾವ ಹಕ್ಕೂ ಇರಲಿಲ್ಲ.

ಸ್ಟೇಷನ್ನಿಗೆ ಹೋದೆ. ಕಪ್ಲರ್ ತೆಗೆಸಿದೆ, ಒಂದು ಪಂಪಿನ ಫೀಡರು ಬಂದ್ ಮಾಡಿಸಿದೆ. ಫೋನುಗಳು ಬಡಿದುಕೊಂಡವು, ಬಡಿದುಕೊಳ್ಳಲಿ ಎಂದು ಬಿಟ್ಟೆ. ಲಾಗ್‌ಬುಕ್ಕಿನಲ್ಲಿ ಅವಳು ನಿರಾಕರಿಸಿದ ದಿನದ ಪುಟ ತೆಗೆದೆ. ಬರೆದದ್ದನ್ನು ಹೊಡೆದುಹಾಕುವಂತಿಲ್ಲ, ಕೆಳಗೆ ಬರೆಯಬಹುದು. ಆಪರೇಟರನ್ನು ಪಕ್ಕಕ್ಕೆ ಕರೆದು ಓದು ಎಂದು, ಅವನು ನೋಡುತ್ತಿರುವಾಗಲೇ ಬರೆದೆ: ಮೇಲಿನ ನನ್ನ ಷರಾ ತಪ್ಪು. ಕಪ್ಲರ್ ಕೂಡಿರುವಾಗ ಈ ಬ್ರೇಕರುಗಳನ್ನು ಶಾರ್ಟಿನ ಮೇಲೆ ಹಾಕಲು ಮೇಕಿಂಗ್ ಕೆಪಾಸಿಟಿ ಸಾಲುವುದಿಲ್ಲ. ಕಪ್ಲರ್ ಹಾಕಿಡುವ ನನ್ನ ಆದೇಶವೇ ತಪ್ಪಾಗಿತ್ತು, ಅದು ಇಂದಿನಿಂದ ರದ್ದು. ಆದೇಶ ನಿರಾಕರಿಸಿದ ಆಪರೇಟರ್ ಸರಿಯಾದದ್ದನ್ನೇ ಮಾಡಿದ್ದಾರೆ. ಕೆಳಗೆ ಲೆಕ್ಕ ಬರೆದು ಸಹಿ ಹಾಕಿದೆ. ಆ ಪುಟದ ಪ್ರತಿಯನ್ನು ಮೇಲಕ್ಕೂ ಕಳಿಸಿದೆ, ಗುತ್ತಿಗೆದಾರನಿಗೂ ಕಳಿಸಿದೆ. ಮುಂದೆ ನನಗೆ ಕಾರಣ ಕೇಳಿ ನೋಟೀಸು ಬಂತು. ಅದರ ಕಥೆ ಇನ್ನೂ ನಡೆದಿದೆ, ಅದು ನನ್ನ ಪಾಲಿಗೆ ಬಂದದ್ದು, ಬರಲಿ.

ಆ ಗುರುವಾರವೇ, ಬರೆದ ಕೂಡಲೇ, ಪುಟದ ಫೋಟೊ ತೆಗೆದು ಅವಳಿಗೂ ಕಳಿಸಿದ್ದೆ. ತಿಂಗಳ ಕೊನೆಗೆ ಇನ್ನೂ ನಾಲ್ಕು ದಿನ ಇತ್ತು. ಅವಳು ಥ್ಯಾಂಕ್ಸ್ ಹೇಳುತ್ತಾಳೆ, ಅಥವಾ ಬೈಯುತ್ತಾಳೆ, ಎರಡಕ್ಕೂ ತಯಾರಾಗಿದ್ದೆ. ಅದೇ ಸಂಜೆ ಸ್ಟೇಷನ್ನಿನ ಗೇಟು ದಾಟಿ ಜೀಪು ಹತ್ತುವಾಗ ಅವಳೇ ಫೋನು ಮಾಡಿದಳು. ಪುಟ ಓದಿದೆ, ಗುತ್ತಿಗೆದಾರ ಪತ್ರ ಕೊಡುತ್ತೇನೆ ಎಂದು ಆಗಲೇ ಫೋನು ಮಾಡಿದ್ದ ಎಂದಳು.

"ಅದೆಲ್ಲಾ ಆತ್ರಿ ಸರ್. ಸ್ಪ್ರಿಂಗ್ ನೋಡಿದ್ರೇನ್ರಿ?"

ನೋಡಿರಲಿಲ್ಲ. ಲೆಕ್ಕ ಬರೆದು, ತಪ್ಪು ಒಪ್ಪಿ, ಸಹಿ ಹಾಕಿ, ಮನಸ್ಸು ಹಗುರ ಮಾಡಿಕೊಂಡು ಮನೆಗೆ ಹೊರಟಿದ್ದೆ. ಆ ಸೋತ ಸ್ಪ್ರಿಂಗಿನ ಬ್ರೇಕರು ಒಳಗೆ ಹಾಗೆಯೇ ಇತ್ತು, ಅದರ ಮುಂದೆ ಆ ವಿನಯದ ಮನುಷ್ಯ ಕುರ್ಚಿ ಹಾಕಿಕೊಂಡು ಕೂತಿದ್ದ. ನಾನು ಜೀಪಿನಿಂದ ಇಳಿದು ಮತ್ತೆ ಒಳಗೆ ಹೋಗಿ, ಮೂರನೇ ಫೀಡರನ್ನು ತೆಗೆದು ಆ ಬ್ರೇಕರನ್ನು ಹೊರಗೆಳೆಯಲು ಹೇಳಿದೆ.